ಸ್ಮಿತ್ ಪ್ರಿಡಿಕ್ಟರ್: ವಿಳಂಬದ ಅಂದಾಜು ಎಷ್ಟು ಸೆಕೆಂಡು ತಪ್ಪಿದರೆ ಲೂಪ್ ತಡೆದುಕೊಳ್ಳುತ್ತದೆ?

ಡೆಡ್ ಟೈಮ್ ಹೆಚ್ಚಿರುವ ಪ್ರಕ್ರಿಯೆಗೆ ಸ್ಮಿತ್ ಪ್ರಿಡಿಕ್ಟರ್ ಅಳವಡಿಸುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಮಾದರಿಯಲ್ಲಿ ಬರೆದ ವಿಳಂಬಕ್ಕೂ ನಿಜವಾದ ವಿಳಂಬಕ್ಕೂ ವ್ಯತ್ಯಾಸವಿದ್ದರೆ ಏನಾಗುತ್ತದೆ? ಇದಕ್ಕೆ ಹೆಚ್ಚಾಗಿ ಶೇಕಡಾವಾರು ಲೆಕ್ಕದಲ್ಲಿ ಉತ್ತರ ಸಿಗುತ್ತದೆ. ಹತ್ತು ಪ್ರತಿಶತ ಪರವಾಗಿಲ್ಲ, ಮೂವತ್ತು ಪ್ರತಿಶತವಾದರೆ ಕಷ್ಟ ಎಂಬಂತಹ ಉತ್ತರ. ನನ್ನ ಅಭಿಪ್ರಾಯದಲ್ಲಿ ಆ ಲೆಕ್ಕವೇ ದಾರಿ ತಪ್ಪಿಸುವಂಥದ್ದು. ಎಷ್ಟು ಸೆಕೆಂಡುಗಳ ತಪ್ಪನ್ನು ಲೂಪ್ ತಡೆದುಕೊಳ್ಳುತ್ತದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಡೆಡ್ ಟೈಮ್ ಅಲ್ಲ. ಲೂಪ್ ಎಷ್ಟು ಚುರುಕಾಗಿರಬೇಕೆಂದು ನೀವು ಆಯ್ದುಕೊಂಡ ವೇಗ. ಈ ಲೇಖನದಲ್ಲಿ ಒಂದೇ ಉದಾಹರಣೆಯನ್ನು ಹಿಡಿದು, ರಚನೆಯಿಂದ ಆರಂಭಿಸಿ ಟ್ಯೂನಿಂಗ್, ತಪ್ಪಿನ ಲಕ್ಷಣ ಮತ್ತು ಪರಿಹಾರದವರೆಗೆ ಹಂತ ಹಂತವಾಗಿ ಹೋಗೋಣ.

ಉದಾಹರಣೆಯ ಪ್ರಕ್ರಿಯೆ

ಒಂದು ಹೀಟರಿನಲ್ಲಿ ಕಾದ ದ್ರವ 30 ಮೀಟರ್ ಉದ್ದದ ಪೈಪಿನಲ್ಲಿ ಹರಿದು ಹೋಗುತ್ತದೆ, ಅದರ ತಾಪಮಾನವನ್ನು ಪೈಪಿನ ಕೊನೆಯಲ್ಲಿ ಅಳೆಯಲಾಗುತ್ತದೆ ಎಂದಿಟ್ಟುಕೊಳ್ಳಿ. ಹರಿವಿನ ವೇಗ ಸೆಕೆಂಡಿಗೆ 0.5 ಮೀಟರ್. ಹಾಗಾಗಿ ಹೀಟರಿನಲ್ಲಿ ಆದ ಬದಲಾವಣೆ ಸೆನ್ಸರಿಗೆ ತಲುಪಲು 60 ಸೆಕೆಂಡು ಬೇಕು. ಇದೇ ಡೆಡ್ ಟೈಮ್, ಇದನ್ನು θ ಎನ್ನೋಣ. ಹೀಟರಿನ ಸ್ವಂತ ಕಾಲ ಸ್ಥಿರಾಂಕ T ಎಂಬುದು 20 ಸೆಕೆಂಡು. ಹೀಟರಿಗೆ ಶಾಖ ಕೊಡುವ ವಾಲ್ವನ್ನು ಒಂದು ಪ್ರತಿಶತ ಹೆಚ್ಚು ತೆರೆದರೆ ತಾಪಮಾನ ಕೊನೆಗೆ 2 ಡಿಗ್ರಿ ಏರುತ್ತದೆ, ಅಂದರೆ ಗೇನ್ K = 2.

ಸೆನ್ಸರನ್ನು ಹೀಟರಿನ ಬಾಯಿಗೇ ತಂದು ಕೂರಿಸಲು ಸಾಧ್ಯವಿದ್ದರೆ ಮೊದಲು ಅದನ್ನೇ ಮಾಡಿ, ಪ್ರಿಡಿಕ್ಟರಿನ ಗೋಜಿಗೇ ಹೋಗಬೇಡಿ. ದಾರಿಯಲ್ಲಿ ಶಾಖ ನಷ್ಟವಾಗುವುದರಿಂದ ಕೊನೆಯ ತಾಪಮಾನವೇ ಬೇಕು ಎನ್ನುವ ಸಂದರ್ಭಕ್ಕೆ ಮಾತ್ರ ಮುಂದಿನ ಮಾತು ಅನ್ವಯಿಸುತ್ತದೆ.

ಈ ಪ್ರಕ್ರಿಯೆಗೆ ಸಾಮಾನ್ಯ ಪಿ.ಐ. ನಿಯಂತ್ರಕ ಹಾಕಿದರೆ ಏನಾಗುತ್ತದೆ? ನಿಯಂತ್ರಕ ವಾಲ್ವನ್ನು ತೆರೆಯುತ್ತದೆ, ಅರವತ್ತು ಸೆಕೆಂಡು ಅಳತೆಯಲ್ಲಿ ಏನೂ ಕದಲುವುದಿಲ್ಲ, ಕೊರತೆ ಹಾಗೇ ಇದೆಯೆಂದು ಭಾವಿಸಿದ ನಿಯಂತ್ರಕ ಇನ್ನಷ್ಟು ತೆರೆಯುತ್ತಾ ಹೋಗುತ್ತದೆ. ಇದನ್ನು ತಪ್ಪಿಸಬೇಕಾದರೆ ನಿಯಂತ್ರಕದ ಗೇನನ್ನು ಬಹಳ ತಗ್ಗಿಸಬೇಕು. ಪ್ರಚಲಿತವಾಗಿರುವ ಟ್ಯೂನಿಂಗ್ ಸೂತ್ರದ ಪ್ರಕಾರ, ಅಪೇಕ್ಷಿತ ಕಾಲ ಸ್ಥಿರಾಂಕವನ್ನು ಡೆಡ್ ಟೈಮಿಗೆ ಸಮನಾಗಿ ತೆಗೆದುಕೊಂಡರೆ, ಗೇನ್ 20/(2×120), ಅಂದರೆ ಸುಮಾರು 0.083 ಬರುತ್ತದೆ. ಹತ್ತು ಡಿಗ್ರಿ ಕೊರತೆ ಕಂಡಾಗ ಈ ನಿಯಂತ್ರಕ ಮೊದಲಿಗೆ ವಾಲ್ವನ್ನು ಒಂದು ಪ್ರತಿಶತದಷ್ಟೂ ತೆರೆಯುವುದಿಲ್ಲ.

ಮೊದಲ ಹಂತ: ರಚನೆಯನ್ನು ಸರಿಯಾಗಿ ಅರ್ಥ ಮಾಡಿಕೊಳ್ಳುವುದು

ಓಟೊ ಸ್ಮಿತ್ 1957ರಲ್ಲಿ ಪ್ರಕಟಿಸಿದ ಉಪಾಯ ಸರಳವಾಗಿದೆ. ಪ್ರಕ್ರಿಯೆಯ ಒಂದು ಮಾದರಿಯನ್ನು ನಿಯಂತ್ರಕದ ಪಕ್ಕದಲ್ಲೇ ಓಡಿಸಬೇಕು, ಆದರೆ ಆ ಮಾದರಿಯನ್ನು ಎರಡು ತುಂಡಾಗಿ ನೋಡಬೇಕು: ಒಂದು ವಿಳಂಬವಿಲ್ಲದ ಭಾಗ, ಇನ್ನೊಂದು ಬರೀ ವಿಳಂಬ. ವಾಲ್ವಿಗೆ ಹೋಗುವ ಸಂಕೇತವೇ ಮಾದರಿಗೂ ಹೋಗುತ್ತದೆ. ಮಾದರಿಯ ವಿಳಂಬವಿಲ್ಲದ ಭಾಗ, ಈಗ ಹೀಟರಿನ ಬಾಯಲ್ಲಿ ತಾಪಮಾನ ಎಷ್ಟಾಗಿರಬೇಕು ಎಂಬುದನ್ನು ಹೇಳುತ್ತದೆ. ಅದನ್ನೇ 60 ಸೆಕೆಂಡು ತಡಮಾಡಿದರೆ, ಈಗ ಸೆನ್ಸರಿನಲ್ಲಿ ಎಷ್ಟು ಕಾಣಬೇಕಿತ್ತು ಎಂಬ ಅಂದಾಜು ಸಿಗುತ್ತದೆ.

ನಿಯಂತ್ರಕಕ್ಕೆ ಹಿಂತಿರುಗಿ ಕೊಡುವುದು ಈ ಮೊತ್ತವನ್ನು: ವಿಳಂಬವಿಲ್ಲದ ಅಂದಾಜು, ಅದರ ಜೊತೆಗೆ ನಿಜವಾದ ಅಳತೆಗೂ ವಿಳಂಬಿತ ಅಂದಾಜಿಗೂ ಇರುವ ವ್ಯತ್ಯಾಸ. ಮಾದರಿ ನೂರಕ್ಕೆ ನೂರು ಸರಿಯಿದ್ದು ಹೊರಗಿನ ಅಡಚಣೆಯೂ ಇಲ್ಲದಿದ್ದರೆ ಈ ವ್ಯತ್ಯಾಸ ಸದಾ ಸೊನ್ನೆ. ಆಗ ನಿಯಂತ್ರಕದ ಕಣ್ಣಿಗೆ ಪೈಪೇ ಇಲ್ಲ, ಬರೀ ಹೀಟರ್ ಇದೆ. ವ್ಯತ್ಯಾಸ ಸೊನ್ನೆಯಲ್ಲದಿದ್ದರೆ ಅದು ಅಡಚಣೆ ಎಂದು ನಿಯಂತ್ರಕ ತಿಳಿಯುತ್ತದೆ. ಮಾದರಿಯದೇ ತಪ್ಪೋ ಹೊರಗಿನ ಅಡಚಣೆಯೋ ಎಂದು ಬೇರ್ಪಡಿಸುವ ಶಕ್ತಿ ಈ ರಚನೆಗೆ ಇಲ್ಲ. ಮುಂದೆ ಬರುವ ತೊಂದರೆಗಳ ಬೇರು ಈ ಒಂದು ಮಾತಿನಲ್ಲಿದೆ.

ಒಂದು ಮಿತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಪೈಪಿನ ಒಳಗಿರುವ ದ್ರವವನ್ನು ಪ್ರಿಡಿಕ್ಟರ್ ಬೇಗ ಓಡಿಸುವುದಿಲ್ಲ. ಹೀಟರಿನಲ್ಲಿ ದಿಢೀರನೆ ಶಾಖ ಕಡಿಮೆಯಾದರೆ ಅದು ಅಳತೆಯಲ್ಲಿ ಕಾಣಲು 60 ಸೆಕೆಂಡು, ತಿದ್ದಿದ ಫಲ ಸೆನ್ಸರಿಗೆ ತಲುಪಲು ಮತ್ತೆ 60 ಸೆಕೆಂಡು ಬೇಕೇ ಬೇಕು. ಈ 120 ಸೆಕೆಂಡನ್ನು ಯಾವ ನಿಯಂತ್ರಕವೂ ಕಡಿಮೆ ಮಾಡಲಾರದು.

ಎರಡನೇ ಹಂತ: ಮಾದರಿಯನ್ನು ಅಳೆದು ಪಡೆಯುವುದು

ಲೂಪನ್ನು ಮ್ಯಾನ್ಯುಯಲ್ ಸ್ಥಿತಿಗೆ ತಂದು, ತಾಪಮಾನ ನೆಲೆನಿಂತ ಮೇಲೆ ವಾಲ್ವನ್ನು ಒಮ್ಮೆಗೇ 5 ಪ್ರತಿಶತ ತೆರೆಯಿರಿ. ಉದಾಹರಣೆಯಲ್ಲಿ ತಾಪಮಾನ ಕೊನೆಗೆ 10 ಡಿಗ್ರಿ ಏರಿ ನಿಲ್ಲುತ್ತದೆ; ಗೇನ್ 10/5 = 2. ನಂತರ ಎರಡು ಸಮಯಗಳನ್ನು ಗುರುತಿಸಿ: ಒಟ್ಟು ಏರಿಕೆಯ 28.3 ಪ್ರತಿಶತ ಆದ ಕ್ಷಣ ಮತ್ತು 63.2 ಪ್ರತಿಶತ ಆದ ಕ್ಷಣ. ನಮ್ಮಲ್ಲಿ ಇವು 66.7 ಮತ್ತು 80 ಸೆಕೆಂಡು. ಇವೆರಡರ ಅಂತರವನ್ನು ಒಂದೂವರೆಯಿಂದ ಗುಣಿಸಿದರೆ ಕಾಲ ಸ್ಥಿರಾಂಕ, ಅಂದರೆ 20 ಸೆಕೆಂಡು. ಎರಡನೇ ಸಮಯದಿಂದ ಅದನ್ನು ಕಳೆದರೆ ಡೆಡ್ ಟೈಮ್, ಅಂದರೆ 60 ಸೆಕೆಂಡು. ರೇಖೆ ಮೊದಲು ಕದಲಿದ ಕ್ಷಣವನ್ನು ಕಣ್ಣಳತೆಯಲ್ಲಿ ಗುರುತಿಸುವುದಕ್ಕಿಂತ ಇದು ಉತ್ತಮ, ಏಕೆಂದರೆ ಅಳತೆಯ ಗದ್ದಲದಲ್ಲಿ ಆ ಕ್ಷಣ ಸುಲಭವಾಗಿ ಮುಚ್ಚಿಹೋಗುತ್ತದೆ.

ಇದೇ ಪರೀಕ್ಷೆಯನ್ನು ಕೆಳಮುಖವಾಗಿಯೂ ಮಾಡಿ. ಏರುವಾಗ 60, ಇಳಿಯುವಾಗ 64 ಎಂದು ಬಂದರೆ ವಾಲ್ವ್ ಅಂಟಿಕೊಳ್ಳುತ್ತಿರುವ ಸಾಧ್ಯತೆ ಹೆಚ್ಚು. ಅದನ್ನು ಮಾದರಿಯಲ್ಲಿ ತುಂಬಿಸುವ ಬದಲು ವಾಲ್ವನ್ನು ಸರಿಪಡಿಸಬೇಕು. ಅಷ್ಟೇ ಮುಖ್ಯವಾದ ಇನ್ನೊಂದು ಕೆಲಸವೆಂದರೆ, ಹರಿವು ಅತಿ ಕಡಿಮೆ ಇರುವಾಗ ಮತ್ತು ಅತಿ ಹೆಚ್ಚು ಇರುವಾಗ ಪರೀಕ್ಷೆಯನ್ನು ಪುನರಾವರ್ತಿಸುವುದು. ಹರಿವು 10 ಪ್ರತಿಶತ ಇಳಿದು ವೇಗ 0.45 ಆದರೆ ಡೆಡ್ ಟೈಮ್ 66.7 ಸೆಕೆಂಡಿಗೆ ಏರುತ್ತದೆ, 0.55ಕ್ಕೆ ಏರಿದರೆ 54.5ಕ್ಕೆ ಇಳಿಯುತ್ತದೆ. ಒಂದೇ ಹರಿವಿನಲ್ಲಿ ಒಂದೇ ಸಲ ಪರೀಕ್ಷೆ ಮಾಡಿ ಬರೆದಿಟ್ಟ 60 ಎಂಬ ಸಂಖ್ಯೆ ಆ ದಿನದ ಸತ್ಯವಷ್ಟೇ.

ಮೂರನೇ ಹಂತ: ನಿಯಂತ್ರಕದ ಟ್ಯೂನಿಂಗ್

ಪಿ.ಐ. ನಿಯಂತ್ರಕದ ಇಂಟಿಗ್ರಲ್ ಸಮಯವನ್ನು ಪ್ರಕ್ರಿಯೆಯ ಕಾಲ ಸ್ಥಿರಾಂಕಕ್ಕೆ ಸಮನಾಗಿ, ಅಂದರೆ 20 ಸೆಕೆಂಡಿಗೆ ಇಡಿ. ಗೇನನ್ನು ಈ ಸೂತ್ರದಿಂದ ಪಡೆಯಿರಿ:

```
Kc = T / (K * λ)
```

ಇಲ್ಲಿ λ ಎಂದರೆ ವಿಳಂಬ ಕಳೆದ ಮೇಲೆ ಪ್ರತಿಕ್ರಿಯೆ ಎಷ್ಟು ಬೇಗ ಮುಗಿಯಬೇಕು ಎಂಬ ನಿಮ್ಮ ಆಯ್ಕೆ. ಮಾದರಿ ಸರಿಯಿದ್ದಾಗ, ಸೆಟ್‌ಪಾಯಿಂಟ್ ಬದಲಿಸಿದ ಮೇಲೆ ತಾಪಮಾನ 60 ಸೆಕೆಂಡು ಸುಮ್ಮನಿದ್ದು, ಬಳಿಕ λ ಕಾಲ ಸ್ಥಿರಾಂಕದಲ್ಲಿ ನಯವಾಗಿ ಏರುತ್ತದೆ. λ = 10 ಇಟ್ಟರೆ ಗೇನ್ 1 ಬರುತ್ತದೆ; ಇದು ಹಿಂದೆ ಹೇಳಿದ ಸಾಮಾನ್ಯ ಪಿ.ಐ.ಗಿಂತ ಹನ್ನೆರಡು ಪಟ್ಟು ಜೋರು. λ ಕಡಿಮೆ ಮಾಡಿದಷ್ಟೂ ಕಾಗದದ ಮೇಲೆ ಫಲಿತಾಂಶ ಸುಂದರವಾಗುತ್ತಲೇ ಹೋಗುತ್ತದೆ, ಸಿಮ್ಯುಲೇಶನ್ ಎಲ್ಲಿಯೂ ಎಚ್ಚರಿಕೆ ಕೊಡುವುದಿಲ್ಲ. ಅದೇ ಮಾದರಿಯನ್ನು ಪ್ರಕ್ರಿಯೆಯಾಗಿಯೂ ಪ್ರಿಡಿಕ್ಟರಾಗಿಯೂ ಬಳಸಿ ಮಾಡುವ ಸಿಮ್ಯುಲೇಶನ್ ಪ್ರಶ್ನೆಯ ಒಳಗೇ ಉತ್ತರವನ್ನು ಅಡಗಿಸಿಟ್ಟ ಪರೀಕ್ಷೆಯಿದ್ದಂತೆ.

ನಾಲ್ಕನೇ ಹಂತ: ವಿಳಂಬ ತಪ್ಪಿದಾಗ ಏನಾಗುತ್ತದೆಂದು ಸೆಕೆಂಡು ಸೆಕೆಂಡಾಗಿ ನೋಡುವುದು

ಈಗ λ = 10 ಇಟ್ಟು, ಹರಿವು 10 ಪ್ರತಿಶತ ಇಳಿದಿದೆ ಎಂದುಕೊಳ್ಳೋಣ. ನಿಜವಾದ ಡೆಡ್ ಟೈಮ್ 66.7, ಮಾದರಿಯಲ್ಲಿ ಇನ್ನೂ 60. ಹರಿವು ಇಳಿದಾಗ ಗೇನ್ ಕೂಡ ಸ್ವಲ್ಪ ಏರುತ್ತದೆ. ವಿಳಂಬದ ಪಾತ್ರ ಸ್ಪಷ್ಟವಾಗಲೆಂದು ಸದ್ಯಕ್ಕೆ ಅದನ್ನು ಬದಿಗಿಡುತ್ತೇನೆ. ಸೆಟ್‌ಪಾಯಿಂಟನ್ನು 10 ಡಿಗ್ರಿ ಏರಿಸಿ.

ಮೊದಲ 60 ಸೆಕೆಂಡು ಎಲ್ಲವೂ ಸರಿಯಾಗಿರುತ್ತದೆ. ವಿಳಂಬವಿಲ್ಲದ ಅಂದಾಜು ಬೇಗನೆ 10 ಡಿಗ್ರಿ ಏರಿರುತ್ತದೆ, ವಾಲ್ವ್ ಕೂಡ ಅಗತ್ಯವಿದ್ದ 5 ಪ್ರತಿಶತ ಹೆಚ್ಚಳಕ್ಕೆ ಬಂದು ನಿಂತಿರುತ್ತದೆ. 60ನೇ ಸೆಕೆಂಡಿನಲ್ಲಿ ವಿಳಂಬಿತ ಅಂದಾಜು ಏರತೊಡಗುತ್ತದೆ, ಆದರೆ ಬಿಸಿ ದ್ರವ ಸೆನ್ಸರಿಗೆ ಇನ್ನೂ ತಲುಪಿಲ್ಲ. ಮುಂದಿನ 6.7 ಸೆಕೆಂಡಿನಲ್ಲಿ ಅಂದಾಜು 4.9 ಡಿಗ್ರಿ ಏರುತ್ತದೆ, ಅಳತೆ ಇದ್ದಲ್ಲೇ ಇರುತ್ತದೆ. ನಿಯಂತ್ರಕದ ಕಣ್ಣಿಗೆ ಇದು ದಿಢೀರನೆ 4.9 ಡಿಗ್ರಿ ತಂಪಾದಂತೆ ಕಾಣುತ್ತದೆ. ಆಗ ಅದು ಮಾಡಬೇಕಾದ ಕೆಲಸವನ್ನೇ ಮಾಡುತ್ತದೆ, ವಾಲ್ವನ್ನು ಇನ್ನೂ ತೆರೆಯುತ್ತದೆ. ಲೆಕ್ಕ ಹಾಕಿದರೆ ಈ ಅನಗತ್ಯ ತೆರೆತ ಸುಮಾರು 4 ಪ್ರತಿಶತ. ಇಡೀ ಬದಲಾವಣೆಗೆ ಬೇಕಿದ್ದುದು 5 ಪ್ರತಿಶತ ಎಂಬುದನ್ನು ನೆನಪಿಡಿ.

ನಂತರ ಅಳತೆ ಅಂದಾಜನ್ನು ಹಿಂಬಾಲಿಸಿ ಏರುತ್ತದೆ, ಸುಳ್ಳು ಕೊರತೆ ಕರಗುತ್ತದೆ, ವಾಲ್ವ್ ಹಿಂದೆ ಸರಿಯುತ್ತದೆ. ಆದರೆ ಅಷ್ಟರಲ್ಲಿ ಹೆಚ್ಚುವರಿ ಶಾಖದ ಒಂದು ಗುಪ್ಪೆ ಪೈಪಿನೊಳಗೆ ಸೇರಿಬಿಟ್ಟಿರುತ್ತದೆ. ಅದು 140ನೇ ಸೆಕೆಂಡಿನ ಹೊತ್ತಿಗೆ ಸೆನ್ಸರಿನ ಮುಂದೆ ಹಾದುಹೋಗುವಾಗ ತಾಪಮಾನ ಗುರಿಗಿಂತ 2.4 ಡಿಗ್ರಿ ಮೇಲೇರುತ್ತದೆ. ಮಾದರಿಯಾದರೋ ಈ ಗುಪ್ಪೆಯನ್ನು 6.7 ಸೆಕೆಂಡು ಮೊದಲೇ ನಿರೀಕ್ಷಿಸಿತ್ತು, ಆದ್ದರಿಂದ ಮತ್ತೆ ವ್ಯತ್ಯಾಸ ಹುಟ್ಟುತ್ತದೆ, ಮತ್ತೆ ಸುಳ್ಳು ತಿದ್ದುಪಡಿ ನಡೆಯುತ್ತದೆ. ಒಂದು ಡೆಡ್ ಟೈಮಿಗೊಮ್ಮೆ ಈ ಪ್ರತಿಧ್ವನಿ ಮರಳಿ ಬರುತ್ತದೆ. ಪ್ರತಿ ಸುತ್ತಿನಲ್ಲೂ ಅದು ಸಣ್ಣದಾಗುತ್ತಿದ್ದರೆ ಲೂಪ್ ಬದುಕುತ್ತದೆ, ದೊಡ್ಡದಾಗುತ್ತಿದ್ದರೆ ಇಲ್ಲ.

ಸುಳ್ಳು ಕೊರತೆಯ ಗಾತ್ರವನ್ನು ನಿರ್ಧರಿಸಿದ್ದು ಯಾವುದು ಎಂಬುದನ್ನು ಗಮನಿಸಿ. ಅಂದಾಜು 6.7 ಸೆಕೆಂಡಿನಲ್ಲಿ ಎಷ್ಟು ಏರಿತು ಎಂಬುದು. ಅದು λ ಮೇಲೆ ನಿಂತಿದೆ. ಡೆಡ್ ಟೈಮ್ 60 ಇರಲಿ, 600 ಇರಲಿ, 6.7 ಸೆಕೆಂಡಿನ ತಪ್ಪಿಗೆ ಮೊದಲ ಸುತ್ತಿನ ಪೆಟ್ಟು ಅಷ್ಟೇ ಇರುತ್ತಿತ್ತು. λವನ್ನು 20ಕ್ಕೆ ಏರಿಸಿದರೆ ಅದೇ 6.7 ಸೆಕೆಂಡಿನಲ್ಲಿ ಅಂದಾಜು 2.8 ಡಿಗ್ರಿ ಮಾತ್ರ ಏರುತ್ತದೆ, ಕೊನೆಗೆ ತಾಪಮಾನ ಗುರಿಯನ್ನು ದಾಟುವುದೂ ಸುಮಾರು 1 ಡಿಗ್ರಿಗೆ ಇಳಿಯುತ್ತದೆ.

ಐದನೇ ಹಂತ: ಮಿತಿಯನ್ನು ಲೆಕ್ಕ ಹಾಕುವುದು

ವಿಳಂಬದ ತಪ್ಪನ್ನು Δ ಎನ್ನೋಣ. ಮೇಲೆ ಹೇಳಿದ ಟ್ಯೂನಿಂಗ್‌ನಲ್ಲಿ, ಗೇನ್ ಮತ್ತು ಕಾಲ ಸ್ಥಿರಾಂಕ ಸರಿಯಿದ್ದು ವಿಳಂಬ ಮಾತ್ರ ತಪ್ಪಿದ್ದರೆ, ಲೂಪ್ ಸ್ಥಿರವಾಗಿರಲು ಈ ಷರತ್ತು ಸಾಕು. ಇದು ಎಲ್ಲ ಆವರ್ತನ ω ಗಳಿಗೂ ನಿಜವಾಗಿರಬೇಕು:

```
2 * |sin(ω*Δ/2)|  <  sqrt(1 + (λ*ω)^2)
```

ಎಡಭಾಗ ಆ ಆವರ್ತನದಲ್ಲಿ ಎರಡು ವಿಳಂಬಗಳ ನಡುವಿನ ವ್ಯತ್ಯಾಸ. ಅದು ಎಂದಿಗೂ 2 ಅನ್ನು ಮೀರುವುದಿಲ್ಲ. ಬಲಭಾಗ ಆವರ್ತನ ಏರಿದಂತೆ ಬೆಳೆಯುತ್ತದೆ. ಇಲ್ಲಿ θ ಎಲ್ಲಿಯೂ ಇಲ್ಲ, ಇರುವುದು Δ ಮತ್ತು λ ಮಾತ್ರ. ಎರಡೂ ರೇಖೆಗಳು ಮುಟ್ಟುವ ಬಿಂದುವನ್ನು ಹುಡುಕಿದರೆ, Δ ಎಂಬುದು λದ ಸುಮಾರು 1.47 ಪಟ್ಟಿಗಿಂತ ಕಡಿಮೆಯಿರುವವರೆಗೆ ಷರತ್ತು ಈಡೇರುತ್ತದೆ ಎಂದು ಸಿಗುತ್ತದೆ. λ = 10 ಆದರೆ 14.7 ಸೆಕೆಂಡು, λ = 5 ಆದರೆ ಸುಮಾರು 7 ಸೆಕೆಂಡು, λ = 20 ಆದರೆ ಸುಮಾರು 29 ಸೆಕೆಂಡು.

ಇದು ಅತಿ ಎಚ್ಚರಿಕೆಯ ಅಂದಾಜಿರಬಹುದೇ ಎಂದು ಕೇಳಬಹುದು. ಡೆಡ್ ಟೈಮ್ ಉದ್ದವಿದ್ದಾಗ ಅಲ್ಲ. ಉದ್ದ ವಿಳಂಬದಿಂದ ಫೇಸ್ ಕೋನ ಬಹಳ ಬೇಗ ಸುತ್ತುತ್ತದೆ, ಹಾಗಾಗಿ ಅಪಾಯದ ಕೋನಕ್ಕೆ ಸರಿಹೊಂದುವ ಆವರ್ತನ ಹತ್ತಿರದಲ್ಲೇ ಒಂದಲ್ಲ ಒಂದು ಇದ್ದೇ ಇರುತ್ತದೆ. ನಮ್ಮ ಉದಾಹರಣೆಗೆ ಫೇಸನ್ನೂ ಸೇರಿಸಿ ಪೂರ್ತಿ ಲೆಕ್ಕ ಹಾಕಿದರೆ, λ = 10 ಇದ್ದಾಗ ನಿಜವಾದ ಡೆಡ್ ಟೈಮ್ ಮಾದರಿಗಿಂತ ಸುಮಾರು 15.5 ಸೆಕೆಂಡು ಹೆಚ್ಚಾದಾಗ, ಇಲ್ಲವೇ ಸುಮಾರು 17.5 ಸೆಕೆಂಡು ಕಡಿಮೆಯಾದಾಗ ಲೂಪ್ ಅಸ್ಥಿರವಾಗುತ್ತದೆ. ಸರಳ ಷರತ್ತು ಕೊಟ್ಟ 14.7ಕ್ಕೆ ಇದು ಬಹಳ ಹತ್ತಿರ. ಹರಿವು 20 ಪ್ರತಿಶತ ಇಳಿದರೆ ಡೆಡ್ ಟೈಮ್ 75 ಸೆಕೆಂಡಾಗುತ್ತದೆ, ಅಂದರೆ Δ = 15; ಲೂಪ್ ಅಂಚಿನಲ್ಲೇ ನಿಂತಿರುತ್ತದೆ. ಬದಿಗಿಟ್ಟಿದ್ದ ಗೇನಿನ ಏರಿಕೆಯನ್ನೂ ಈಗ ಸೇರಿಸಿದರೆ ಅದು ಅಂಚು ದಾಟುತ್ತದೆ.

ಅಸ್ಥಿರವಾಗದಿದ್ದರೆ ಸಾಕು ಎನ್ನುವಂತಿಲ್ಲ. Δ ಎಂಬುದು λಗೆ ಸಮನಾದಾಗ ಪ್ರತಿಧ್ವನಿ ಪ್ರತಿ ಸುತ್ತಿಗೆ ತನ್ನ ಮುಕ್ಕಾಲು ಭಾಗವನ್ನು ಉಳಿಸಿಕೊಳ್ಳಬಹುದು, ಅದು ಅಡಗಲು ಹತ್ತಾರು ನಿಮಿಷ ಬೇಕಾಗುತ್ತದೆ. Δ ಎಂಬುದು λದ ಅರ್ಧವಾದಾಗ ಉಳಿಯುವುದು ನೂರಕ್ಕೆ ಸುಮಾರು 43, ಮೂರು ಸುತ್ತಿನಲ್ಲಿ ಹತ್ತರಲ್ಲೊಂದು ಭಾಗಕ್ಕೂ ಕಡಿಮೆಯಾಗುತ್ತದೆ. ಆದ್ದರಿಂದ ನಾನು ಅನುಸರಿಸುವ ಕ್ರಮ ಹೀಗಿದೆ: ಹರಿವಿನ ಏರಿಳಿತದಿಂದ ಬರುವ ತಪ್ಪು ಮತ್ತು ಪರೀಕ್ಷೆಯ ತಪ್ಪು ಎರಡನ್ನೂ ಸೇರಿಸಿ ಅತಿ ದೊಡ್ಡ Δ ಎಷ್ಟೆಂದು ಮೊದಲು ನಿರ್ಧರಿಸುತ್ತೇನೆ, λವನ್ನು ಅದರ ಎರಡು ಪಟ್ಟು ಇಡುತ್ತೇನೆ. ಉದಾಹರಣೆಯಲ್ಲಿ ಹರಿವಿನಿಂದ 6.7, ಪರೀಕ್ಷೆಯಿಂದ 3 ಎಂದಿಟ್ಟುಕೊಂಡರೆ ಹತ್ತಿರಹತ್ತಿರ 10 ಸೆಕೆಂಡು; λ = 20, ಗೇನ್ 0.5, ಇಂಟಿಗ್ರಲ್ ಸಮಯ 20 ಸೆಕೆಂಡು.

ಇದಕ್ಕೆ ತೆರುವ ಬೆಲೆ ಎಷ್ಟು? ಸೆಟ್‌ಪಾಯಿಂಟ್ ಬದಲಿಸಿದ ಮೇಲೆ ಏರಿಕೆಯ 63 ಪ್ರತಿಶತ ಮುಗಿಯಲು ಮೊದಲು 70 ಸೆಕೆಂಡು ಬೇಕಿತ್ತು, ಈಗ 80 ಬೇಕು. ಹತ್ತು ಸೆಕೆಂಡು ಬಿಟ್ಟುಕೊಟ್ಟಿದ್ದಕ್ಕೆ ತಪ್ಪನ್ನು ತಡೆದುಕೊಳ್ಳುವ ಶಕ್ತಿ ಇಮ್ಮಡಿಯಾಯಿತು. ಡೆಡ್ ಟೈಮ್ ಉದ್ದವಿದ್ದಷ್ಟೂ ಈ ವ್ಯಾಪಾರ ಲಾಭದಾಯಕ, ಏಕೆಂದರೆ ಒಟ್ಟು ಸಮಯದ ಬಹುಪಾಲು ಹೇಗೂ ಪೈಪಿನಲ್ಲೇ ಕಳೆಯುತ್ತದೆ.

ಡೆರಿವೇಟಿವ್ ಸೇರಿಸಿ ಇನ್ನಷ್ಟು ಚುರುಕು ಮಾಡುವ ಆಸೆಯುಂಟಾದರೆ ಒಂದು ಮಾತು. ಒಳಗಿನ ವಿಳಂಬರಹಿತ ಲೂಪಿನ ಪ್ರತಿಕ್ರಿಯೆ ಹೆಚ್ಚಿನ ಆವರ್ತನಗಳಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯದೇ ಹೋದರೆ, ಎಷ್ಟೇ ಸಣ್ಣ ವಿಳಂಬದ ತಪ್ಪೂ ಲೂಪನ್ನು ಅಸ್ಥಿರಗೊಳಿಸಬಲ್ಲದು. ಎಡಭಾಗ 2ರವರೆಗೆ ಹೋಗಬಹುದು ಎಂಬುದರಿಂದಲೇ ಇದು ಬರುತ್ತದೆ. ಪಿ.ಐ. ಮತ್ತು ಮೊದಲ ದರ್ಜೆಯ ಮಾದರಿಯ ಜೋಡಿಯಲ್ಲಿ ಪ್ರತಿಕ್ರಿಯೆ ತಾನಾಗಿಯೇ ಇಳಿಯುವುದರಿಂದ ಈ ಅಪಾಯವಿಲ್ಲ.

ಆರನೇ ಹಂತ: ಪ್ರೋಗ್ರಾಮಿಗೆ ಇಳಿಸುವುದು

ಸ್ಯಾಂಪಲ್ ಸಮಯ 2 ಸೆಕೆಂಡು ಎಂದಿಟ್ಟರೆ ವಿಳಂಬಕ್ಕೆ 30 ಖಾನೆಗಳ ಬಫರ್ ಸಾಕು. ಪ್ರತಿ ಸ್ಯಾಂಪಲಿಗೆ ನಡೆಯಬೇಕಾದ ಕೆಲಸ ಇಷ್ಟೇ:

```
xm  = 0.9048*xm + 0.1903*(u - u0)
ymd = buf[i]
buf[i] = xm
i   = (i + 1) % 30
fb  = xm + (PV - ymd)
e   = SP - fb
```

`xm` ಎಂಬುದು ವಿಳಂಬವಿಲ್ಲದ ಅಂದಾಜು, `ymd` ವಿಳಂಬಿತ ಅಂದಾಜು, `PV` ನಿಜವಾದ ಅಳತೆ, `SP` ಸೆಟ್‌ಪಾಯಿಂಟ್, `u0` ಕಾರ್ಯಬಿಂದುವಿನಲ್ಲಿ ವಾಲ್ವಿನ ಸ್ಥಾನ. `PV` ಮತ್ತು `SP` ಎರಡನ್ನೂ ಅದೇ ಬಿಂದುವಿನಿಂದ ಅಳೆದ ವ್ಯತ್ಯಾಸಗಳಾಗಿ ತೆಗೆದುಕೊಳ್ಳಬೇಕು. 0.9048 ಬಂದಿರುವುದು exp(−2/20) ಇಂದ, 0.1903 ಬಂದಿರುವುದು 2×(1−exp(−2/20)) ಇಂದ.

ಇಲ್ಲಿ ತಪ್ಪುವುದು ಹೆಚ್ಚಾಗಿ ಎರಡು ಕಡೆ. ಮಾದರಿಗೆ ಕೊಡುವ `u` ಎಂಬುದು ಮಿತಿಗೆ ಒಳಪಟ್ಟ ನಂತರ ವಾಲ್ವಿಗೆ ನಿಜವಾಗಿ ಹೋದ ಸಂಕೇತವಾಗಿರಬೇಕು. ನಿಯಂತ್ರಕ 112 ಪ್ರತಿಶತ ಕೇಳಿದಾಗ ವಾಲ್ವ್ 100ರಲ್ಲಿ ನಿಂತಿದ್ದರೆ ಮಾದರಿಗೂ 100 ಹೋಗಬೇಕು. ಇನ್ನೊಂದು, ಮ್ಯಾನ್ಯುಯಲ್ ಸ್ಥಿತಿಯಲ್ಲಿಯೂ ಮಾದರಿ ಓಡುತ್ತಲೇ ಇರಬೇಕು. ನಿಲ್ಲಿಸಿ ಆಮೇಲೆ ಆರಂಭಿಸಿದರೆ ಬಫರಿನಲ್ಲಿ ಹಳೆಯ ಪೈಪಿನ ಚಿತ್ರ ಉಳಿದಿರುತ್ತದೆ, ಮೊದಲ ಒಂದು ನಿಮಿಷ ಲೂಪ್ ಇಲ್ಲದ ಅಡಚಣೆಯೊಂದಿಗೆ ಗುದ್ದಾಡುತ್ತದೆ.

ಏಳನೇ ಹಂತ: ಓಡುತ್ತಿರುವ ಲೂಪಿನಲ್ಲಿ ತಪ್ಪನ್ನು ಗುರುತಿಸುವುದು

ಟ್ರೆಂಡ್ ಪರದೆಯಲ್ಲಿ `PV - ymd` ಎಂಬ ವ್ಯತ್ಯಾಸಕ್ಕೆ ಒಂದು ರೇಖೆಯನ್ನು ಕಡ್ಡಾಯವಾಗಿ ಇಡಿ. ಅಡಚಣೆ ಇಲ್ಲದ ಹೊತ್ತಿನಲ್ಲಿ ಸೆಟ್‌ಪಾಯಿಂಟನ್ನು ಮೇಲಕ್ಕೆ ಬದಲಿಸಿ, ಒಂದು ಡೆಡ್ ಟೈಮ್ ಕಳೆದ ಕೂಡಲೇ ಈ ರೇಖೆ ಏನು ಮಾಡುತ್ತದೆ ನೋಡಿ. ಅದು ಚೂಪಾಗಿ ಕೆಳಗಿಳಿದು ಮರಳಿ ಸೊನ್ನೆಗೆ ಬಂದರೆ, ಪ್ರಕ್ರಿಯೆ ಮಾದರಿಗಿಂತ ತಡವಾಗಿದೆ, ಮಾದರಿಯ ವಿಳಂಬವನ್ನು ಹೆಚ್ಚಿಸಬೇಕು. ಮೇಲೇರಿ ಮರಳಿದರೆ ಮಾದರಿಯ ವಿಳಂಬ ಹೆಚ್ಚಾಗಿದೆ. ಏರಿದ್ದು ಮರಳದೆ ಅಲ್ಲೇ ನಿಂತರೆ ತಪ್ಪಿರುವುದು ಗೇನ್. ಸರಿಯಾದ ಸಮಯಕ್ಕೇ ಹೊರಟು, ಅಗಲವಾದ ಸೌಮ್ಯ ಉಬ್ಬಾಗಿ ಮೂಡಿ ಮರೆಯಾದರೆ ಕಾಲ ಸ್ಥಿರಾಂಕ ತಪ್ಪಿದೆ.

ಲೂಪ್ ತೂಗಾಡುತ್ತಿದ್ದರೆ ಅದರ ಅವಧಿಯನ್ನು ಅಳೆಯಿರಿ, ಅದರಲ್ಲೇ ಅರ್ಧ ಉತ್ತರವಿದೆ. ಪ್ರಿಡಿಕ್ಟರ್ ಇಲ್ಲದ ಇದೇ ಪ್ರಕ್ರಿಯೆಯಲ್ಲಿ ಇಂಟಿಗ್ರಲ್ ಸಮಯ 20 ಇರುವ ಪಿ.ಐ. ಮಿತಿಮೀರಿ ಜೋರಾದರೆ ತೂಗಾಟದ ಅವಧಿ 240 ಸೆಕೆಂಡು, ಡೆಡ್ ಟೈಮಿನ ನಾಲ್ಕು ಪಟ್ಟು. ವಿಳಂಬದ ತಪ್ಪಿನಿಂದ ಹುಟ್ಟುವ ತೂಗಾಟ ಇದಕ್ಕಿಂತ ಬಹಳ ವೇಗದ್ದು: λ = 10 ಇದ್ದಾಗ ಪ್ರಕ್ರಿಯೆ ತಡವಾಗಿದ್ದರೆ ಸುಮಾರು 60 ಸೆಕೆಂಡು, ಬೇಗವಾಗಿದ್ದರೆ ಸುಮಾರು 80 ಸೆಕೆಂಡು. ಡೆಡ್ ಟೈಮಿಗೆ ಹತ್ತಿರವಾದ ಅವಧಿ ಕಂಡರೆ ಇಂಟಿಗ್ರಲ್ ಸಮಯವನ್ನು ತಿರುಚುತ್ತಾ ಕೂರಬೇಡಿ, ಅದರಿಂದ ರೋಗ ವಾಸಿಯಾಗುವುದಿಲ್ಲ. ತಕ್ಷಣಕ್ಕೆ ಗೇನನ್ನು ಅರ್ಧಕ್ಕಿಳಿಸಿ, ಅಂದರೆ λವನ್ನು ಇಮ್ಮಡಿಸಿ. ಬಳಿಕ ವಿಳಂಬವನ್ನು ಮತ್ತೆ ಅಳೆಯಿರಿ.

ಎಂಟನೇ ಹಂತ: ತಪ್ಪನ್ನು ಮೂಲದಲ್ಲೇ ಕಡಿಮೆ ಮಾಡುವುದು

λ ಹೆಚ್ಚಿಸಲು ಮನಸ್ಸಿಲ್ಲದಿದ್ದರೆ, `PV - ymd` ವ್ಯತ್ಯಾಸವನ್ನು ನಿಯಂತ್ರಕಕ್ಕೆ ಸೇರಿಸುವ ಮೊದಲು ಒಂದು ಮೊದಲ ದರ್ಜೆಯ ಫಿಲ್ಟರಿನ ಮೂಲಕ ಹಾಯಿಸಬಹುದು. ಫಿಲ್ಟರಿನ ಕಾಲ ಸ್ಥಿರಾಂಕ λಗೆ ಸಮನಾಗಿದ್ದರೆ ಮಿತಿ 1.47 ಪಟ್ಟಿನಿಂದ ಸುಮಾರು 2.4 ಪಟ್ಟಿಗೆ ಏರುತ್ತದೆ; λ = 10 ಇಟ್ಟುಕೊಂಡೇ ಸುಮಾರು 24 ಸೆಕೆಂಡಿನ ತಪ್ಪಿಗೆ ಸ್ಥಿರತೆ ಸಿಗುತ್ತದೆ. ಮಾದರಿ ಸರಿಯಿದ್ದಾಗ ವ್ಯತ್ಯಾಸವೇ ಸೊನ್ನೆಯಾದ್ದರಿಂದ ಸೆಟ್‌ಪಾಯಿಂಟ್ ಪ್ರತಿಕ್ರಿಯೆ ಸ್ವಲ್ಪವೂ ನಿಧಾನವಾಗುವುದಿಲ್ಲ. ನಿಧಾನವಾಗುವುದು ಅಡಚಣೆಯ ತಿದ್ದುಪಡಿ, ಅದೂ 120 ಸೆಕೆಂಡು ಹೇಗೂ ಕಾಯಬೇಕಾದ ಲೂಪಿನಲ್ಲಿ ಹತ್ತು ಸೆಕೆಂಡಿನಷ್ಟು. ಇದಕ್ಕಿಂತ ಅಗ್ಗದ ಬದಲಾವಣೆ ನನಗೆ ತಿಳಿದಿಲ್ಲ.

ಹರಿವಿನ ಅಳತೆ ಲಭ್ಯವಿದ್ದರೆ ಇನ್ನೂ ಉತ್ತಮವಾದ ದಾರಿಯಿದೆ. ಬಫರನ್ನು ಸಮಯದ ಬದಲು ದೂರದ ಲೆಕ್ಕದಲ್ಲಿ ಸರಿಸಿ. 30 ಮೀಟರ್ ಪೈಪಿಗೆ 30 ಖಾನೆಗಳೆಂದರೆ ಒಂದು ಖಾನೆಗೆ ಒಂದು ಮೀಟರ್. ಹರಿವಿನ ವೇಗವನ್ನು ಕೂಡುತ್ತಾ ಹೋಗಿ, ಒಂದು ಮೀಟರ್ ತುಂಬಿದಾಗಲೆಲ್ಲ ಬಫರನ್ನು ಒಂದು ಖಾನೆ ಮುಂದಕ್ಕೆ ತಳ್ಳಬೇಕು. ವೇಗ 0.5 ಇದ್ದಾಗ ಇದು ಎರಡು ಸೆಕೆಂಡಿಗೊಮ್ಮೆ ಆಗುತ್ತದೆ, 0.4ಕ್ಕೆ ಇಳಿದರೆ ಎರಡೂವರೆ ಸೆಕೆಂಡಿಗೊಮ್ಮೆ, ಹೀಗೆ 75 ಸೆಕೆಂಡಿನ ವಿಳಂಬ ತಾನಾಗಿಯೇ ಮೂಡುತ್ತದೆ. ಹರಿವು ಮಧ್ಯದಲ್ಲಿ ಬದಲಾದರೂ ಪೈಪಿನೊಳಗೆ ಆಗಲೇ ಇರುವ ದ್ರವದ ಚಿತ್ರ ಕೆಡುವುದಿಲ್ಲ; ಖಾನೆಗಳ ಸಂಖ್ಯೆಯನ್ನು ಒಮ್ಮೆಗೇ ಬದಲಿಸುವ ವಿಧಾನದಲ್ಲಿ ಅಂದಾಜು ದಿಢೀರನೆ ಜಿಗಿದು ವಾಲ್ವಿಗೆ ಹೊಡೆತ ಕೊಡುತ್ತದೆ.

ಆದರೆ ಒಟ್ಟು ವಿಳಂಬದಲ್ಲಿ ಹರಿವಿನೊಂದಿಗೆ ಬದಲಾಗದ ಪಾಲೂ ಇರುತ್ತದೆ. ವಾಲ್ವ್ ಕದಲುವ ಸಮಯ, ಸೆನ್ಸರಿನ ಸ್ವಂತ ವಿಳಂಬ, ಸಂಕೇತದ ಫಿಲ್ಟರ್ ಇತ್ಯಾದಿ. ಎರಡು ಹರಿವಿನಲ್ಲಿ ಮಾಡಿದ ಪರೀಕ್ಷೆಗಳಿಂದ ಈ ಪಾಲನ್ನು ಬೇರ್ಪಡಿಸಿ, ಅದಕ್ಕೆ ಸಮಯದ ಲೆಕ್ಕದ ಇನ್ನೊಂದು ಪುಟ್ಟ ಬಫರನ್ನು ಸರಣಿಯಲ್ಲಿ ಇಡಬೇಕು. ಹರಿವು ಪೂರ್ತಿ ನಿಂತಾಗ ದೂರದ ಬಫರೂ ನಿಲ್ಲುತ್ತದೆ, ಇದು ಸರಿಯೇ. ಆದರೆ ಹೀಟರಿನಲ್ಲಿ ನಿಂತ ದ್ರವಕ್ಕೆ ಮೊದಲಿನ ಗೇನ್ ಅನ್ವಯಿಸುವುದಿಲ್ಲವಾದ್ದರಿಂದ, ವೇಗ ಒಂದು ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿದ ಕೂಡಲೇ ನಿಯಂತ್ರಕವನ್ನು ತಡೆಹಿಡಿದು ವಾಲ್ವನ್ನು ಸುರಕ್ಷಿತ ಸ್ಥಾನಕ್ಕೆ ತರುವ ಷರತ್ತನ್ನು ಪ್ರೋಗ್ರಾಮಿನಲ್ಲಿ ಪ್ರತ್ಯೇಕವಾಗಿ ಬರೆಯಬೇಕು.